ಟೀ ಅಂಗಡಿಯ ಬ್ರೇಕ್-ಈವನ್ ಪಟ್ಟಿ: ಎಷ್ಟನೇ ಕಪ್ಪಿನಿಂದ ಲಾಭ ಶುರು?

ಸಂಜೆ ಗಲ್ಲಾಪೆಟ್ಟಿಗೆಯಲ್ಲಿ 1,600 ರೂಪಾಯಿ ಕಂಡರೆ ವ್ಯಾಪಾರ ಚೆನ್ನಾಗಿ ನಡೆಯಿತು ಅನ್ನಿಸುತ್ತದೆ. ಆದರೆ ಅದರಲ್ಲಿ ಅರ್ಧದಷ್ಟು ಹಾಲು, ಸಕ್ಕರೆ, ಗ್ಯಾಸಿನ ದುಡ್ಡು. ಉಳಿದರ್ಧ ಬಾಡಿಗೆಗೂ ಕೆಲಸದವರ ಕೂಲಿಗೂ ಹೋಗಬೇಕಾದದ್ದು. ಅಂಗಡಿ ಇಟ್ಟವರಿಗೆ ಅಂತ ಉಳಿಯುವುದು ಸೊನ್ನೆ. ಈ ಲೆಕ್ಕ ಗಲ್ಲಾಪೆಟ್ಟಿಗೆ ನೋಡಿದರೆ ಗೊತ್ತಾಗುವುದಿಲ್ಲ. ಇಷ್ಟು ಕಪ್ ಮಾರಿದರೆ ಇಷ್ಟು ಆದಾಯ, ಇಷ್ಟು ಖರ್ಚು, ಇಷ್ಟು ಉಳಿತು ಎಂದು ಸಾಲುಸಾಲಾಗಿ ಬರೆದ ಪಟ್ಟಿಯೊಂದು ಎದುರಿಗಿದ್ದರೆ ಮಾತ್ರ ಗೊತ್ತಾಗುತ್ತದೆ. ನಷ್ಟ ಮುಗಿದು ಲಾಭ ಶುರುವಾಗುವ ಆ ಗೆರೆಗೆ ಬ್ರೇಕ್-ಈವನ್ ಎನ್ನುತ್ತಾರೆ. ಹಾಕಿದ ದುಡ್ಡು ಗಿಟ್ಟಿತು, ಮೇಲೆ ಏನೂ ಸಿಗಲಿಲ್ಲ ಎಂಬ ಸ್ಥಿತಿ ಅದು.

ಪಟ್ಟಿ ಬರೆಯುವುದು ಹತ್ತು ನಿಮಿಷದ ಕೆಲಸ. ಅದರೊಳಗೆ ಹಾಕುವ ಎರಡು ಅಂಕಿಗಳನ್ನು ಸರಿಯಾಗಿ ಹಿಡಿಯುವುದೇ ನಿಜವಾದ ಕೆಲಸ: ಒಂದು ಕಪ್ಪಿಗೆ ತಗುಲುವ ಖರ್ಚು ಮತ್ತು ಒಂದು ದಿನಕ್ಕೆ ತಗುಲುವ ಖರ್ಚು. ಕೆಳಗಿನ ಲೆಕ್ಕದಲ್ಲಿರುವ ದರಗಳೆಲ್ಲ ಉದಾಹರಣೆಗೆಂದು ಇಟ್ಟುಕೊಂಡವು. ನಿಮ್ಮ ಅಂಗಡಿಯ ದರ ಬೇರೆ ಇರುತ್ತದೆ, ವಿಧಾನ ಇದೇ.

ಕಪ್ಪಿನ ಖರ್ಚನ್ನು ಪಾತ್ರೆಯಿಂದ ಹಿಡಿಯಬೇಕು

ಟೀ ಕಪ್ಪಿನಲ್ಲಿ ತಯಾರಾಗುವುದಿಲ್ಲ, ಪಾತ್ರೆಯಲ್ಲಿ ತಯಾರಾಗುತ್ತದೆ. ಆದ್ದರಿಂದ ಲೆಕ್ಕವೂ ಪಾತ್ರೆಯಿಂದಲೇ ಶುರುವಾಗಬೇಕು. ನಮ್ಮ ಉದಾಹರಣೆಯ ಅಂಗಡಿಯಲ್ಲಿ ಒಂದು ಸಲಕ್ಕೆ 1 ಲೀಟರ್ ಹಾಲು, ಅರ್ಧ ಲೀಟರ್ ನೀರು ಇಡುತ್ತಾರೆ ಎಂದುಕೊಳ್ಳಿ. ಹಾಲಿಗೆ 50 ರೂಪಾಯಿ. ಟೀ ಪುಡಿ 40 ಗ್ರಾಂ, ಕಿಲೋ 400ರಂತೆ 16 ರೂಪಾಯಿ. ಸಕ್ಕರೆ 120 ಗ್ರಾಂ, ಕಿಲೋ 45ರಂತೆ 5.40. ಶುಂಠಿ, ಏಲಕ್ಕಿ ಸೇರಿ 3.60. ಗ್ಯಾಸ್ 5 ರೂಪಾಯಿ. ಒಂದು ಪಾತ್ರೆ ಟೀಗೆ ಒಟ್ಟು 80 ರೂಪಾಯಿ.

ಇದರಲ್ಲಿ ಗ್ಯಾಸಿನ ಅಂಕಿಯನ್ನು ಊಹಿಸಿ ಬರೆಯುವವರೇ ಹೆಚ್ಚು. ಊಹೆ ಬೇಡ. ಹೊಸ ಸಿಲಿಂಡರ್ ಹಾಕಿದ ದಿನ ಬರೆದಿಡಿ, ಅದು ಮುಗಿಯುವ ತನಕ ಎಷ್ಟು ಪಾತ್ರೆ ಟೀ ಇಟ್ಟಿರಿ ಎಂದು ಗೋಡೆಯ ಕ್ಯಾಲೆಂಡರಿನಲ್ಲಿ ಗೀಟು ಹಾಕುತ್ತಾ ಬನ್ನಿ. ಸಿಲಿಂಡರಿನ ಬೆಲೆಯನ್ನು ಗೀಟುಗಳ ಸಂಖ್ಯೆಯಿಂದ ಭಾಗಿಸಿದರೆ ಒಂದು ಪಾತ್ರೆಯ ಗ್ಯಾಸ್ ಖರ್ಚು ಸಿಗುತ್ತದೆ. ಗಿರಾಕಿ ಇಲ್ಲದಾಗ ಟೀ ಆರದಿರಲಿ ಎಂದು ಸಣ್ಣ ಉರಿಯಲ್ಲಿ ಬಿಟ್ಟ ಗ್ಯಾಸ್ ಕೂಡ ಈ ಲೆಕ್ಕದೊಳಗೆ ತಾನಾಗಿ ಬಂದುಬಿಡುತ್ತದೆ.

ಇನ್ನು ಈ ಪಾತ್ರೆಯಿಂದ ಎಷ್ಟು ಕಪ್ ಬರುತ್ತದೆ? ಒಂದೂವರೆ ಲೀಟರ್ ಇಟ್ಟೆವು, 80 ಮಿಲಿ ಕಪ್, ಹಾಗಾದರೆ 18 ಕಪ್ ಮೇಲೆ ಎಂದು ಕಾಗದದಲ್ಲಿ ಬರುತ್ತದೆ. ಒಲೆಯ ಮೇಲೆ ಬರುವುದಿಲ್ಲ. ಕುದಿಯುವಾಗ ಒಂದಷ್ಟು ಆವಿಯಾಗಿ ಹೋಗುತ್ತದೆ. ಟೀ ಪುಡಿ ತನ್ನ ತೂಕಕ್ಕಿಂತ ಹೆಚ್ಚು ನೀರು ಹೀರಿಕೊಂಡು ಜಾಲರಿಯಲ್ಲೇ ಉಳಿಯುತ್ತದೆ. ಕರಗಿದ ಸಕ್ಕರೆ ಸ್ವಲ್ಪ ಪ್ರಮಾಣ ಹೆಚ್ಚಿಸಿದರೂ ಆ ನಷ್ಟ ಪೂರ್ತಿ ತುಂಬುವುದಿಲ್ಲ. ಸೋಸಿದ ಮೇಲೆ ಅಳತೆ ಪಾತ್ರೆಗೆ ಸುರಿದು ನೋಡಿದರೆ 1 ಲೀಟರ್ 300 ಮಿಲಿ ಹತ್ತಿರ ಸಿಕ್ಕಿತು ಎನ್ನಿ. ಅಂದರೆ 16 ಕಪ್. ಎಂಬತ್ತನ್ನು ಹದಿನಾರರಿಂದ ಭಾಗಿಸಿದರೆ ಕಪ್ಪಿಗೆ 5 ರೂಪಾಯಿ. ಪೇಪರ್ ಕಪ್ಪಿಗೆ 70 ಪೈಸೆ ಸೇರಿಸಿದರೆ 5.70.

ಇಲ್ಲಿಗೆ ನಿಲ್ಲಿಸಿದರೆ ಪಟ್ಟಿ ಸುಳ್ಳು ಹೇಳುತ್ತದೆ, ಯಾಕೆಂದರೆ ಸುರಿದ ಕಪ್ಪೆಲ್ಲ ಮಾರಾಟವಾದ ಕಪ್ಪಲ್ಲ. ಕೈತಪ್ಪಿ ಚೆಲ್ಲಿದ್ದು, ರುಚಿ ನೋಡಿದ್ದು, ಕೆಲಸದವರು ಕುಡಿದದ್ದು, ಹಳತಾಯಿತೆಂದು ಚರಂಡಿಗೆ ಸುರಿದದ್ದು ಎಲ್ಲ ಸೇರಿ 20ಕ್ಕೆ 1 ಕಪ್ ಹೋಗುತ್ತದೆ ಎಂದಿಟ್ಟುಕೊಳ್ಳೋಣ. ಆಗ 20 ಕಪ್ಪಿನ ಖರ್ಚನ್ನು 19 ಕಪ್ ಹೊರಬೇಕು. 5.70ನ್ನು 0.95ರಿಂದ ಭಾಗಿಸಿದರೆ ಸರಿಯಾಗಿ 6 ರೂಪಾಯಿ. ಮಾರಾಟವಾದ ಒಂದೊಂದು ಕಪ್ಪಿಗೂ ನಿಜವಾಗಿ ತಗುಲಿದ ಖರ್ಚು ಇದು.

ಕಪ್ಪನ್ನು 12 ರೂಪಾಯಿಗೆ ಮಾರಿದರೆ ಕೈಗೆ ಉಳಿಯುವುದು 6. ಇದನ್ನು ಕಪ್ಪಿನ ಉಳಿಕೆ ಎಂದು ಕರೆಯೋಣ. ಇದು ಇನ್ನೂ ಲಾಭವಲ್ಲ. ಅಂಗಡಿಯ ಬಾಡಿಗೆಯನ್ನೂ ಕೂಲಿಯನ್ನೂ ತೀರಿಸಲು ಆ ಕಪ್ ಕೊಡುವ ಕಾಣಿಕೆ ಅಷ್ಟೇ. ಮುಂದಿನ ಲೆಕ್ಕವೆಲ್ಲ ಈ 6 ರೂಪಾಯಿಯ ಸುತ್ತಲೇ ತಿರುಗುತ್ತದೆ.

ಬಾಗಿಲು ತೆರೆದ ಕ್ಷಣವೇ ತಗುಲುವ ಖರ್ಚು

ಒಂದು ಕಪ್ಪೂ ಮಾರದಿದ್ದರೂ ಬಾಡಿಗೆ ಕೊಡಬೇಕು. ಇಂಥ ಖರ್ಚುಗಳನ್ನು ತಿಂಗಳಿಗೆ ಲೆಕ್ಕ ಹಾಕುವುದು ಸುಲಭ. ಬಾಡಿಗೆ 6,500. ಒಬ್ಬ ಸಹಾಯಕನಿಗೆ ದಿನಕ್ಕೆ 400ರಂತೆ 26 ದಿನಕ್ಕೆ 10,400. ಕರೆಂಟು, ನೀರು 1,300. ಸಾಬೂನು, ಬಟ್ಟೆ, ಸಣ್ಣಪುಟ್ಟ ರಿಪೇರಿ 1,300. ಕೊನೆಯದು ಸಾಮಾನಿನ ಸವಕಳಿ. ಒಲೆ, ಪಾತ್ರೆ, ಫ್ಲಾಸ್ಕ್, ಮೇಜು, ಬೆಂಚು ಎಲ್ಲಕ್ಕೂ ಸೇರಿ 46,800 ಹಾಕಿದ್ದೀರಿ, ಮೂರು ವರ್ಷ ಬಾಳುತ್ತವೆ ಎಂದರೆ ತಿಂಗಳಿಗೆ 1,300. ಎಲ್ಲ ಕೂಡಿದರೆ 20,800. ತಿಂಗಳಿಗೆ 26 ದಿನ ಅಂಗಡಿ ತೆರೆದರೆ ದಿನಕ್ಕೆ 800 ರೂಪಾಯಿ.

ಸವಕಳಿಯನ್ನು ಬಿಟ್ಟುಬಿಡುವ ರೂಢಿ ಇದೆ, ಅದು ಕೈಯಿಂದ ಹೋಗುವ ದುಡ್ಡಲ್ಲವಲ್ಲ ಎಂದು. ಹೌದು, ಇವತ್ತು ಹೋಗುವುದಿಲ್ಲ. ಒಲೆಯ ಬರ್ನರ್ ಕೈಕೊಟ್ಟ ದಿನ ಒಟ್ಟಿಗೇ ಹೋಗುತ್ತದೆ, ಆ ದಿನ ಸಾಲ ಮಾಡಬೇಕಾಗುತ್ತದೆ. ದಿನಕ್ಕೆ 50 ರೂಪಾಯಿಯಂತೆ ಬೇರೆ ಡಬ್ಬಿಗೆ ಹಾಕುತ್ತಾ ಬಂದವರಿಗೆ ಆ ತೊಂದರೆ ಇಲ್ಲ.

ಪಟ್ಟಿ

ಎರಡು ಅಂಕಿ ಸಿಕ್ಕವು: ಕಪ್ಪಿಗೆ 6, ದಿನಕ್ಕೆ 800. ಇನ್ನು ಬರೆಯುವುದಷ್ಟೇ. ಎಲ್ಲ ಅಂಕಿಗಳೂ ಒಂದು ದಿನದ ಲೆಕ್ಕ, ರೂಪಾಯಿಗಳಲ್ಲಿ.

| ಮಾರಿದ ಕಪ್ | ಆದಾಯ (ಕಪ್ಪಿಗೆ 12) | ಕಪ್ಪಿನ ಖರ್ಚು (ಕಪ್ಪಿಗೆ 6) | ದಿನದ ಖರ್ಚು | ಒಟ್ಟು ಖರ್ಚು | ಲಾಭ / ನಷ್ಟ |
|---|---|---|---|---|---|
| 0 | 0 | 0 | 800 | 800 | −800 |
| 50 | 600 | 300 | 800 | 1,100 | −500 |
| 100 | 1,200 | 600 | 800 | 1,400 | −200 |
| 134 | 1,608 | 804 | 800 | 1,604 | +4 |
| 150 | 1,800 | 900 | 800 | 1,700 | +100 |
| 200 | 2,400 | 1,200 | 800 | 2,000 | +400 |
| 234 | 2,808 | 1,404 | 800 | 2,204 | +604 |
| 250 | 3,000 | 1,500 | 800 | 2,300 | +700 |

ನಡುವಿನ ಆ 134 ಎಲ್ಲಿಂದ ಬಂತು? 800ನ್ನು ಕಪ್ಪಿನ ಉಳಿಕೆಯಾದ 6ರಿಂದ ಭಾಗಿಸಿದರೆ 133.33. ಮೂರನೇ ಒಂದು ಕಪ್ ಟೀ ಮಾರಲು ಆಗುವುದಿಲ್ಲ, 133ಕ್ಕೆ ನಿಲ್ಲಿಸಿದರೆ 2 ರೂಪಾಯಿ ನಷ್ಟ. ಆದ್ದರಿಂದ ಇಲ್ಲಿ ಯಾವತ್ತೂ ಮೇಲಿನ ಪೂರ್ಣಸಂಖ್ಯೆಗೇ ಹೋಗಬೇಕು.

ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದಿದಾಗ ಒಂದು ವಿಷಯ ಗಮನಿಸಿ. 100ರಿಂದ 150 ಕಪ್ಪಿಗೆ ಹೋದರೆ ಮಾರಾಟ ಒಂದೂವರೆ ಪಟ್ಟಾಯಿತು, ನಷ್ಟ ಹೋಗಿ 100 ರೂಪಾಯಿ ಲಾಭ ಬಂತು. 150ರಿಂದ 200ಕ್ಕೆ ಹೋದರೆ ಮಾರಾಟ ಮೂರನೇ ಒಂದರಷ್ಟು ಮಾತ್ರ ಹೆಚ್ಚಿತು, ಲಾಭ ನಾಲ್ಕು ಪಟ್ಟಾಯಿತು. ಗೆರೆಯ ಹತ್ತಿರ ಇರುವ ಅಂಗಡಿಗೆ ದಿನಕ್ಕೆ ಹತ್ತು ಕಪ್ ಹೆಚ್ಚುಕಡಿಮೆಯಾದರೂ ಲಾಭ ಎಗರಾಡುವುದು ಇದರಿಂದಲೇ. ವ್ಯಾಪಾರ ಸ್ವಲ್ಪವೇ ಬಿದ್ದಿದೆ, ದುಡ್ಡು ಮಾತ್ರ ಕಾಣುತ್ತಿಲ್ಲ ಎಂಬ ದೂರಿನ ಹಿಂದೆ ಇರುವುದೂ ಇದೇ ಲೆಕ್ಕ.

ಕಂಪ್ಯೂಟರಿನಲ್ಲೋ ಮೊಬೈಲಿನಲ್ಲೋ ಸ್ಪ್ರೆಡ್‌ಶೀಟ್ ಬಳಸುವವರು B1ರಲ್ಲಿ ಮಾರುವ ಬೆಲೆ, B2ರಲ್ಲಿ ಕಪ್ಪಿನ ಖರ್ಚು, B3ರಲ್ಲಿ ದಿನದ ಖರ್ಚು ಹಾಕಿ, A7ರಿಂದ ಕೆಳಗೆ ಕಪ್ಪುಗಳ ಸಂಖ್ಯೆ ಬರೆದು, ಏಳನೇ ಸಾಲಿನಲ್ಲಿ ಈ ಸೂತ್ರಗಳನ್ನು ಕೊಟ್ಟು ಕೆಳಕ್ಕೆ ಎಳೆದರೆ ಸಾಕು. ಮೊದಲನೆಯದು ಬ್ರೇಕ್-ಈವನ್ ಕಪ್ಪುಗಳ ಸಂಖ್ಯೆ, ಅದು B4ಕ್ಕೆ.

```
B4: =ROUNDUP(B3/(B1-B2),0)
B7: =A7*$B$1
C7: =A7*$B$2
D7: =$B$3
E7: =C7+D7
F7: =B7-E7
```

ಡಾಲರ್ ಗುರುತು ಬಿಟ್ಟರೆ ಸೂತ್ರ ಕೆಳಗೆ ಎಳೆದಾಗ B1 ಹೋಗಿ B2 ಆಗುತ್ತದೆ, ಎರಡನೇ ಸಾಲಿನಿಂದಲೇ ಲೆಕ್ಕ ತಪ್ಪುತ್ತದೆ. 0 ಕಪ್ಪಿನ ಸಾಲಿನಲ್ಲಿ −800 ಬಂದಿದೆಯೇ, 134ರ ಸಾಲಿನಲ್ಲಿ +4 ಬಂದಿದೆಯೇ ಎಂದು ನೋಡಿದರೆ ಸೂತ್ರ ಸರಿಯಿದೆಯೋ ಇಲ್ಲವೋ ತಿಳಿಯುತ್ತದೆ.

ನಿಮ್ಮ ಕೂಲಿ ಎಲ್ಲಿದೆ?

ಪಟ್ಟಿಯಲ್ಲಿ 234 ಎಂಬ ವಿಚಿತ್ರ ಸಾಲೊಂದಿದೆ. ಅದನ್ನು ಬೇಕೆಂದೇ ಸೇರಿಸಿದ್ದು.

800 ರೂಪಾಯಿಯ ದಿನದ ಖರ್ಚಿನಲ್ಲಿ ಸಹಾಯಕನ ಕೂಲಿ ಇದೆ, ಒಲೆಯ ಮುಂದೆ ಬೆಳಗಿನಿಂದ ನಿಂತ ಮಾಲೀಕನದು ಇಲ್ಲ. ಅದೇ ದುಡಿಮೆಯನ್ನು ಬೇರೆಯವರ ಅಂಗಡಿಯಲ್ಲಿ ಮಾಡಿದ್ದರೆ ದಿನಕ್ಕೆ 600 ಸಿಗುತ್ತಿತ್ತು ಎಂದಾದರೆ, ಆ 600 ಕೂಡ ಅಂಗಡಿ ಹೊರಬೇಕಾದ ಖರ್ಚೇ. ಆಗ ದಿನದ ಖರ್ಚು 1,400. ಭಾಗಿಸು 6ರಿಂದ, 233.33. ಅಂದರೆ 234ನೇ ಕಪ್ಪಿನಲ್ಲಿ ಈ ಅಂಗಡಿ ನಿಜವಾಗಿ ಗಿಟ್ಟುತ್ತದೆ.

ಹಾಗಾದರೆ 134 ಸುಳ್ಳೇ? ಅಲ್ಲ. ಎರಡಕ್ಕೂ ಬೇರೆ ಬೇರೆ ಕೆಲಸ ಇದೆ. 134ಕ್ಕಿಂತ ಕೆಳಗಿದ್ದರೆ ಮಾಲೀಕ ಮನೆಯಿಂದ ದುಡ್ಡು ತಂದು ಅಂಗಡಿಗೆ ಹಾಕುತ್ತಿದ್ದಾನೆ, ಹೆಚ್ಚು ದಿನ ನಡೆಯುವ ಮಾತಲ್ಲ. 134ರಿಂದ 234ರ ನಡುವೆ ಅಂಗಡಿ ನಡೆಯುತ್ತದೆ, ಆದರೆ ಮಾಲೀಕ ಕಡಿಮೆ ಕೂಲಿಗೆ ದುಡಿಯುತ್ತಿದ್ದಾನೆ. 180 ಕಪ್ ಮಾರುವವನ ಲಾಭ 280 ರೂಪಾಯಿ, ತನ್ನ ಸಹಾಯಕನಿಗೆ ಕೊಡುವ 400ಕ್ಕಿಂತಲೂ ಕಡಿಮೆ. ಹೊಸ ಅಂಗಡಿ ಕೆಲವು ತಿಂಗಳು ಈ ನಡುವಣ ಜಾಗದಲ್ಲಿರುವುದು ಸಹಜ. ವರ್ಷಗಟ್ಟಲೆ ಅಲ್ಲೇ ಇದ್ದರೆ ಪಟ್ಟಿಯಲ್ಲಿ ಏನನ್ನಾದರೂ ಬದಲಿಸಲೇಬೇಕು.

ಏನನ್ನು ಬದಲಿಸಿದರೆ ಗೆರೆ ಎಷ್ಟು ಸರಿಯುತ್ತದೆ?

ಹಾಲಿನ ದರ ಲೀಟರಿಗೆ 4 ರೂಪಾಯಿ ಏರಿತು ಎನ್ನಿ. ಎಲ್ಲರೂ ತಲೆಬಿಸಿ ಮಾಡಿಕೊಳ್ಳುವ ವಿಷಯ ಇದು. 4 ರೂಪಾಯಿ 16 ಕಪ್ಪಿಗೆ ಹಂಚಿದರೆ 25 ಪೈಸೆ, ವ್ಯರ್ಥದ ಪಾಲು ಸೇರಿ ಸುಮಾರು 26 ಪೈಸೆ. ಕಪ್ಪಿನ ಉಳಿಕೆ 5.74 ಆಗಿ ಗೆರೆ 134ರಿಂದ 140ಕ್ಕೆ ಹೋಗುತ್ತದೆ. ಆರು ಕಪ್ ಹೆಚ್ಚು ಮಾರಬೇಕು. ಹೊರೆಯೇ ಸರಿ, ಆದರೆ ಅಂಗಡಿ ಮುಳುಗಿಸುವಷ್ಟಲ್ಲ.

ಈಗ ಯಾರೂ ತಲೆಬಿಸಿ ಮಾಡಿಕೊಳ್ಳದ ವಿಷಯ. 80 ಮಿಲಿ ಸುರಿಯಬೇಕಾದ ಕೈ 90 ಮಿಲಿ ಸುರಿಯುತ್ತಿದೆ. ನೋಡಿದರೆ ವ್ಯತ್ಯಾಸ ಗೊತ್ತಾಗುವುದಿಲ್ಲ, ಎರಡು ಚಮಚೆಯಷ್ಟು. ಆದರೆ ಅದೇ ಪಾತ್ರೆಯಿಂದ ಈಗ 16ರ ಬದಲು 14 ಕಪ್ ಬರುತ್ತದೆ. 80 ರೂಪಾಯಿಯನ್ನು 14ಕ್ಕೆ ಹಂಚಿ, ಪೇಪರ್ ಕಪ್ ಸೇರಿಸಿ, ವ್ಯರ್ಥದ ಲೆಕ್ಕ ಹಾಕಿದರೆ ಕಪ್ಪಿನ ಖರ್ಚು 6.75. ಉಳಿಕೆ 5.25. ಗೆರೆ 153 ಕಪ್ಪಿಗೆ ಏರಿತು. ಹಾಲಿನ ದರ ಏರಿದ್ದಕ್ಕಿಂತ ಮೂರು ಪಟ್ಟು ಪೆಟ್ಟು ಕೈಯ ಅಳತೆಯಿಂದ ಬಿತ್ತು. ಪಾತ್ರೆಯಿಂದ ನೇರವಾಗಿ ಕಪ್ಪಿಗೆ ಸುರಿಯುವ ಬದಲು 80 ಮಿಲಿ ಹಿಡಿಯುವ ಸೌಟೊಂದನ್ನು ಇಟ್ಟುಕೊಂಡರೆ ಇದು ನಿಲ್ಲುತ್ತದೆ. ಕಪ್ ಕೊಳ್ಳುವಾಗಲೂ ನೋಡಬೇಕು: 100 ಮಿಲಿಯ ಕಪ್ಪಿನಲ್ಲಿ 80 ಮಿಲಿ ಟೀ ಕೊಟ್ಟರೆ ಕಪ್ ಖಾಲಿಖಾಲಿ ಕಂಡು ಕೈ ತಾನಾಗಿ ಇನ್ನಷ್ಟು ಸುರಿಯುತ್ತದೆ.

ಹಾಲು ಒಡೆಯುವುದು ಇನ್ನೊಂದು. ಹಸಿ ಶುಂಠಿಯಲ್ಲಿ ಹಾಲಿನ ಪ್ರೋಟೀನನ್ನು ಒಡೆಯುವ ಕಿಣ್ವ ಇದೆ. ಶುಂಠಿಯನ್ನು ಜಜ್ಜಿ ಬಿಸಿಯಾಗುತ್ತಿರುವ ಹಾಲಿಗೆ ಹಾಕಿದರೆ ಪಾತ್ರೆ ಕೆಡುವ ಸಂಭವ ಹೆಚ್ಚು. ಮೊದಲು ನೀರಿನಲ್ಲಿ ಶುಂಠಿಯನ್ನು ಚೆನ್ನಾಗಿ ಕುದಿಸಿ ಆಮೇಲೆ ಹಾಲು ಸೇರಿಸಿದರೆ ಆ ಕಿಣ್ವ ನಿಷ್ಕ್ರಿಯವಾಗಿರುತ್ತದೆ. ಒಂದು ಪಾತ್ರೆ ಪೂರ್ತಿ ಕೆಟ್ಟರೆ 80 ರೂಪಾಯಿ ಹೋಯಿತು. ಅದನ್ನು ತುಂಬಲು 14 ಕಪ್ಪಿನ ಉಳಿಕೆ ಬೇಕು. ಆ ದಿನದ ಗೆರೆ 134 ಅಲ್ಲ, 147.

ಬೆಲೆಯ ವಿಷಯಕ್ಕೆ ಬಂದರೆ ಪಟ್ಟಿ ಅನೇಕರನ್ನು ಅಚ್ಚರಿಗೊಳಿಸುತ್ತದೆ. ಪಕ್ಕದ ಅಂಗಡಿಯೊಂದಿಗೆ ಪೈಪೋಟಿಗೆ ಬಿದ್ದು 12ನ್ನು 10ಕ್ಕೆ ಇಳಿಸಿದರೆ ಬೆಲೆ ಇಳಿದದ್ದು ಆರನೇ ಒಂದು ಪಾಲು. ಆದರೆ ಉಳಿಕೆ 6ರಿಂದ 4ಕ್ಕೆ, ಮೂರನೇ ಒಂದು ಪಾಲು ಬಿತ್ತು. ಗೆರೆ 200 ಕಪ್ಪಿಗೆ ಹೋಯಿತು. ಮೊದಲು 200 ಕಪ್ ಮಾರಿ 400 ರೂಪಾಯಿ ಉಳಿಸುತ್ತಿದ್ದವರು ಅದೇ 400 ಉಳಿಸಲು ಈಗ 300 ಕಪ್ ಮಾರಬೇಕು. ಎರಡು ರೂಪಾಯಿ ಕಡಿಮೆ ಎಂದು ಗಿರಾಕಿಗಳು ಒಂದೂವರೆ ಪಟ್ಟಾಗುತ್ತಾರೆಯೇ ಎಂಬುದೇ ಕೇಳಬೇಕಾದ ಪ್ರಶ್ನೆ. ಉತ್ತರ ಹೆಚ್ಚಾಗಿ ಇಲ್ಲ ಎಂದೇ.

ಬದಲಿಗೆ 15ಕ್ಕೆ ಏರಿಸಿದರೆ ಉಳಿಕೆ 9, ಗೆರೆ 89 ಕಪ್. 400 ರೂಪಾಯಿ ಉಳಿಸಲು 134 ಕಪ್ ಸಾಕು. ಅಂದರೆ 200 ಗಿರಾಕಿಗಳಲ್ಲಿ 66 ಮಂದಿ ಮುನಿಸಿಕೊಂಡು ಹೋದರೂ ಲಾಭ ಇದ್ದಷ್ಟೇ ಇರುತ್ತದೆ. ಹಾಗೆಂದು ಕಣ್ಣುಮುಚ್ಚಿ ಏರಿಸಬಹುದು ಎಂದಲ್ಲ. ಎಷ್ಟು ಗಿರಾಕಿ ಕಳೆದುಕೊಂಡರೆ ಏರಿಕೆ ದುಬಾರಿಯಾಗುತ್ತದೆ ಎಂಬ ಮಿತಿಯನ್ನು ಪಟ್ಟಿ ಹೇಳುತ್ತದೆ, ಎಷ್ಟು ಮಂದಿ ನಿಜವಾಗಿ ಹೋಗುತ್ತಾರೆ ಎಂಬುದನ್ನು ಹೇಳುವುದಿಲ್ಲ. ಅದನ್ನು ಒಂದೆರಡು ವಾರ ಎಣಿಸಿಯೇ ತಿಳಿಯಬೇಕು.

ಪಟ್ಟಿಯ ನೇರ ಗೆರೆ ಎಲ್ಲಿ ಮುರಿಯುತ್ತದೆ

ಮಾರಿದ ಕಪ್ ಹೆಚ್ಚಾದಷ್ಟೂ ಕಪ್ಪಿಗೆ 6ರಂತೆ ಲಾಭ ಬೆಳೆಯುತ್ತಲೇ ಹೋಗುತ್ತದೆ ಎಂದು ಪಟ್ಟಿ ನಂಬಿಸುತ್ತದೆ. ಎರಡು ಕಡೆ ಈ ನಂಬಿಕೆ ಕೈಕೊಡುತ್ತದೆ.

ಮೊದಲನೆಯದು ಪಾತ್ರೆ. ಖರ್ಚು ಕಪ್ಪುಕಪ್ಪಾಗಿ ಆಗುವುದಿಲ್ಲ, ಪಾತ್ರೆ ಒಲೆಗೇರಿದಾಗ 80 ರೂಪಾಯಿ ಒಟ್ಟಿಗೇ ಆಗುತ್ತದೆ. ಒಂದು ಪಾತ್ರೆ ತನ್ನ ಖರ್ಚನ್ನು ತಾನೇ ತೀರಿಸಬೇಕಾದರೆ ಎಷ್ಟು ಕಪ್ ಮಾರಬೇಕು? ಪೇಪರ್ ಕಪ್ಪಿನ 70 ಪೈಸೆ ಕಳೆದರೆ ಒಂದು ಕಪ್ಪಿಗೆ 11.30 ಸಿಗುತ್ತದೆ. ಏಳು ಕಪ್ಪಿಗೆ 79.10, ಇನ್ನೂ 90 ಪೈಸೆ ಕಡಿಮೆ. ಎಂಟನೇ ಕಪ್ಪಿನಿಂದ ಆ ಪಾತ್ರೆ ದುಡಿಯಲು ಶುರು ಮಾಡುತ್ತದೆ. ರಾತ್ರಿ ಅಂಗಡಿ ಮುಚ್ಚುವ ಹೊತ್ತಿಗೆ ಇಬ್ಬರು ಗಿರಾಕಿ ಬಂದರೆಂದು ಪೂರ್ತಿ ಪಾತ್ರೆ ಇಟ್ಟು ನಾಲ್ಕು ಕಪ್ ಮಾರಿ ಉಳಿದದ್ದು ಚೆಲ್ಲಿದರೆ 35 ರೂಪಾಯಿ ಹತ್ತಿರ ನಷ್ಟ. ಎಂಟು ಕಪ್ ಹೋಗುವ ನಂಬಿಕೆ ಇಲ್ಲದ ಹೊತ್ತಿನಲ್ಲಿ ಕಾಲು ಲೀಟರ್ ಹಾಲಿನ ಸಣ್ಣ ಪಾತ್ರೆ ಇಡುವುದೇ ಸರಿ. ದಿನಕ್ಕೆ ಒಂದು ಕೊನೆಯ ಪಾತ್ರೆ ಅರ್ಧ ಚೆಲ್ಲುವ ಅಂಗಡಿಯಲ್ಲಿ ವ್ಯರ್ಥ 20ಕ್ಕೆ 1 ಇರುವುದಿಲ್ಲ, ಅದರ ಎರಡು ಪಟ್ಟು ಇರುತ್ತದೆ.

ಎರಡನೆಯದು ಕೈಗಳು. ಒಬ್ಬ ಮಾಲೀಕ, ಒಬ್ಬ ಸಹಾಯಕ ಸೇರಿ ದಿನಕ್ಕೆ 250 ಕಪ್ ತನಕ ಸಂಭಾಳಿಸಬಲ್ಲರು ಎಂದಿಟ್ಟುಕೊಳ್ಳಿ. ಅದಕ್ಕಿಂತ ಮೇಲೆ ಬೇಕೆಂದರೆ ಇನ್ನೊಬ್ಬರನ್ನು ಇಟ್ಟುಕೊಳ್ಳಬೇಕು, ದಿನಕ್ಕೆ ಮತ್ತೆ 400. ದಿನದ ಖರ್ಚು 1,200 ಆಯಿತು.

| ಮಾರಿದ ಕಪ್ | ಸಹಾಯಕರು | ಆದಾಯ | ಒಟ್ಟು ಖರ್ಚು | ಲಾಭ |
|---|---|---|---|---|
| 250 | 1 | 3,000 | 2,300 | 700 |
| 260 | 2 | 3,120 | 2,760 | 360 |
| 300 | 2 | 3,600 | 3,000 | 600 |
| 317 | 2 | 3,804 | 3,102 | 702 |

ಹತ್ತು ಕಪ್ ಹೆಚ್ಚು ಮಾರಿದ್ದಕ್ಕೆ ಲಾಭ ಅರ್ಧವಾಯಿತು. 251ರಿಂದ 316ರ ತನಕ ದುಡಿಮೆ ಹೆಚ್ಚು, ಲಾಭ ಕಡಿಮೆ. ವ್ಯಾಪಾರ ಬೆಳೆಯುತ್ತಿದೆ ಎಂದು ಖುಷಿಪಡುವ ಹೊತ್ತಿನಲ್ಲೇ ಕೈ ಬಿಗಿಯಾಗುವ ಅಂಗಡಿಗಳು ಸಾಮಾನ್ಯವಾಗಿ ಈ ಗುಂಡಿಯಲ್ಲಿರುತ್ತವೆ. ದಾಟುವ ದಾರಿ ಎರಡು. 317 ಮೀರುವಷ್ಟು ಬೇಡಿಕೆ ಇದೆಯೆಂದು ಖಚಿತವಾದರೆ ಇನ್ನೊಬ್ಬರನ್ನು ಇಡಬಹುದು. ಇಲ್ಲವೇ ನೂಕುನುಗ್ಗಲಿನ ಹೊತ್ತಿಗೆ ಮಾತ್ರ, ಬೆಳಗ್ಗೆ ಎರಡು ಗಂಟೆ ಸಂಜೆ ಎರಡು ಗಂಟೆ, ಅರ್ಧ ಕೂಲಿಗೆ ಜನ ಸಿಗುತ್ತಾರೆಯೇ ನೋಡಬಹುದು. ಅರ್ಧ ಕೂಲಿಯಾದರೆ 284 ಕಪ್ಪಿಗೇ ಹಳೆಯ 700ನ್ನು ದಾಟಬಹುದು.

ಹೊತ್ತು ಹೆಚ್ಚಿಸುವ ಲೆಕ್ಕ ಮಾತ್ರ ಬೇರೆ ತರಹದ್ದು. ಸಂಜೆ ಎರಡು ಗಂಟೆ ಹೆಚ್ಚು ತೆರೆಯಬೇಕೆ ಎಂದು ಯೋಚಿಸುವಾಗ ಬಾಡಿಗೆಯನ್ನು ಅದರಲ್ಲಿ ಸೇರಿಸಬಾರದು. ಅಂಗಡಿ ಮುಚ್ಚಿದ್ದರೂ ಬಾಡಿಗೆ ಹೋಗಿಯೇ ಹೋಗುತ್ತದೆ. ಆ ಎರಡು ಗಂಟೆಗೆಂದೇ ತಗುಲುವ ಹೆಚ್ಚಿನ ಖರ್ಚು, ಸಹಾಯಕನಿಗೆ 80 ಮತ್ತು ದೀಪಕ್ಕೆ 20 ಎನ್ನಿ, ಒಟ್ಟು 100. ಆರರಿಂದ ಭಾಗಿಸಿದರೆ 17 ಕಪ್. ಎರಡು ಗಂಟೆಯಲ್ಲಿ 17 ಕಪ್ ಹೋಗುವುದಾದರೆ ತೆರೆದಿರುವುದು ಲಾಭ, ದಿನದ ಸರಾಸರಿಗಿಂತ ಆ ಹೊತ್ತಿನ ವ್ಯಾಪಾರ ಎಷ್ಟೇ ಮಂದವಾಗಿ ಕಂಡರೂ.

ದಿನದ ಲೆಕ್ಕವೋ ತಿಂಗಳದ್ದೋ

134 ಎಂಬುದು ಸರಾಸರಿ. ದಿನವೂ 134 ದಾಟಲೇಬೇಕು ಎಂದು ಇದರ ಅರ್ಥವಲ್ಲ. ಮಳೆ ಜೋರಾಗಿ 80 ಕಪ್ ಮಾರಿದ ದಿನ 320 ರೂಪಾಯಿ ನಷ್ಟ. ಅದನ್ನು ಬೇರೆ ದಿನಗಳು ತುಂಬಿಕೊಡಬಹುದು. ತಿಂಗಳ ಖರ್ಚು 20,800ನ್ನು 6ರಿಂದ ಭಾಗಿಸಿದರೆ 3,467 ಕಪ್. 20 ದಿನ 150 ಕಪ್, 6 ದಿನ 80 ಕಪ್ ಮಾರಿದರೆ 3,480 ಆಗುತ್ತದೆ, ತಿಂಗಳ ಕೊನೆಗೆ 80 ರೂಪಾಯಿ ಲಾಭದೊಂದಿಗೆ ಗೆರೆ ದಾಟಿದ ಹಾಗೆ.

ರಜೆ ಹೆಚ್ಚಾದರೆ ಪಟ್ಟಿ ಬದಲಾಗುತ್ತದೆ. ಸಹಾಯಕನ ಕೂಲಿ ಕೆಲಸ ಮಾಡಿದ ದಿನಕ್ಕೆ ಮಾತ್ರ, ಆದರೆ ಬಾಡಿಗೆ ಮತ್ತಿತರ 10,400 ರಜೆಯ ದಿನಕ್ಕೂ ಲೆಕ್ಕವಾಗುತ್ತದೆ. 26ರ ಬದಲು 22 ದಿನ ತೆರೆದರೆ ದಿನಕ್ಕೆ 473 ಮತ್ತು 400, ಒಟ್ಟು 873. ಗೆರೆ 146 ಕಪ್ಪಿಗೆ ಏರುತ್ತದೆ. ಆದ್ದರಿಂದ ಬಾಡಿಗೆಯನ್ನು 30ರಿಂದ ಭಾಗಿಸಿ ದಿನದ ಖರ್ಚು ಹಿಡಿಯುವುದು ತಪ್ಪು, ತೆರೆದ ದಿನಗಳಿಂದ ಭಾಗಿಸಬೇಕು.

ಎಣಿಕೆ ಸರಿಯಿಲ್ಲದಿದ್ದರೆ

ಇಷ್ಟೆಲ್ಲ ಮಾಡಿದ ಮೇಲೆ ದಿನಕ್ಕೆ ಎಷ್ಟು ಕಪ್ ಹೋಯಿತು ಎಂಬುದೇ ಗೊತ್ತಿಲ್ಲದಿದ್ದರೆ ಪಟ್ಟಿ ಗೋಡೆಗೆ ಅಂಟಿಸಲು ಮಾತ್ರ. ಗಿರಾಕಿಗಳ ನಡುವೆ ಕೂತು ಗೀಟು ಹಾಕುವುದು ಆಗದ ಕೆಲಸ. ಪೇಪರ್ ಕಪ್ಪುಗಳೇ ಎಣಿಕೆ ಇಟ್ಟುಕೊಡುತ್ತವೆ. ಬೆಳಗ್ಗೆ ಎಷ್ಟು ಕಪ್ ಇದ್ದವು, ಸಂಜೆ ಎಷ್ಟು ಉಳಿದವು, ಅದರ ವ್ಯತ್ಯಾಸವೇ ಖರ್ಚಾದ ಕಪ್. ಟೀ ಬಿಸಿಯೆಂದು ಒಂದರೊಳಗೊಂದು ಎರಡು ಕಪ್ ಕೊಡುವ ಅಭ್ಯಾಸವಿದ್ದರೆ ಈ ಎಣಿಕೆ ಕೆಡುತ್ತದೆ, ಜತೆಗೆ ಕಪ್ಪಿಗೆ 70 ಪೈಸೆಯೂ ಹೋಗುತ್ತದೆ. ಗಾಜಿನ ಲೋಟದಲ್ಲಿ ಕೊಡುವವರು ಪಾತ್ರೆಗಳನ್ನು ಎಣಿಸಿ 16ರಿಂದ ಗುಣಿಸಬೇಕು.

ಆಮೇಲೆ ಗಲ್ಲಾದ ನಗದು, ಮೊಬೈಲಿಗೆ ಬಂದ ದುಡ್ಡು, ಉದರಿ ಪುಸ್ತಕದಲ್ಲಿ ಬರೆದದ್ದು ಮೂರನ್ನೂ ಕೂಡಿ 12ರಿಂದ ಭಾಗಿಸಿ. ಖರ್ಚಾದ ಕಪ್ 160, ದುಡ್ಡಿನ ಲೆಕ್ಕದಲ್ಲಿ 152 ಕಪ್ ಬಂದರೆ 8 ಕಪ್ ವ್ಯರ್ಥ, ಅದು 20ಕ್ಕೆ 1ರ ಲೆಕ್ಕಕ್ಕೆ ಸರಿಯಾಗಿದೆ. 140 ಬಂದರೆ 20 ಕಪ್ಪಿನ ದುಡ್ಡು ಕಾಣೆ. ಆಗ ಮೂರು ಕಡೆ ಹುಡುಕಬೇಕು: ಬರೆಯದೆ ಬಿಟ್ಟ ಉದರಿ, ಪುಕ್ಕಟೆ ಕೊಟ್ಟದ್ದು, ಪಾತ್ರೆ ಎಣಿಸುವವರಾದರೆ ಕೊನೆಯ ಪಾತ್ರೆಯಲ್ಲಿ ಚೆಲ್ಲಿದ್ದು. ಪುಕ್ಕಟೆ ಹೋದ ಒಂದು ಕಪ್ ಇನ್ನೊಂದು ಕಪ್ಪಿನ ಉಳಿಕೆಯನ್ನು ಪೂರ್ತಿ ತಿನ್ನುತ್ತದೆ. ದಿನಕ್ಕೆ ಹತ್ತು ಕಪ್ ಹಾಗೆ ಹೋದರೆ ಗೆರೆ 144ಕ್ಕೆ ಹೋಯಿತು ಎಂದೇ ಅರ್ಥ.

ಬಿಸ್ಕತ್ತನ್ನೂ ಮಾರುವವರು ಅದನ್ನು ಕಪ್ಪಿನ ಲೆಕ್ಕಕ್ಕೆ ಬೆರೆಸಬಾರದು. ಬೇರೆ ಬರೆದು, ಅದರ ದಿನದ ಉಳಿಕೆಯನ್ನು 800ರಿಂದ ಕಳೆದು, ಆಮೇಲೆ 6ರಿಂದ ಭಾಗಿಸಿದರೆ ಸರಿ. ಬಿಸ್ಕತ್ತಿನಿಂದ ದಿನಕ್ಕೆ 60 ರೂಪಾಯಿ ಉಳಿದರೆ ಟೀ ಹೊರಬೇಕಾದದ್ದು 740, ಗೆರೆ 124 ಕಪ್.

ಹಾಲು, ಟೀ ಪುಡಿ, ಗ್ಯಾಸ್, ಕೂಲಿ, ಬಾಡಿಗೆ ಇವುಗಳಲ್ಲಿ ಯಾವುದರ ದರ ಬದಲಾದರೂ ಆ ದಿನವೇ ಪಟ್ಟಿಯ ಆ ಒಂದು ಅಂಕಿ ತಿದ್ದಿ, 134ರ ಸಾಲು ಈಗ ಎಲ್ಲಿಗೆ ಬಂತು ಎಂದು ನೋಡಿ. ಏನೂ ಬದಲಾಗದಿದ್ದರೂ ತಿಂಗಳಿಗೊಮ್ಮೆ ಒಂದು ಪಾತ್ರೆ ಟೀಯನ್ನು ಸೋಸಿ ಅಳೆಯಿರಿ. 16 ಕಪ್ ಬರುತ್ತಿದ್ದ ಪಾತ್ರೆ 15ಕ್ಕೆ ಇಳಿದಿದ್ದರೆ ನೀರು ಕಡಿಮೆ ಹಾಕುತ್ತಿದ್ದಾರೆ, ಇಲ್ಲವೇ ಹೆಚ್ಚು ಹೊತ್ತು ಕುದಿಸುತ್ತಿದ್ದಾರೆ, ಇಲ್ಲವೇ ಸೌಟು ಬದಲಾಗಿದೆ.